ಒಂದು ಅಕ್ಷರದ ಅಂತರ: ಕ್ರಿಯಾಟಿನ್ ಸೇವಿಸುವವರಲ್ಲಿ ಮೂತ್ರಪಿಂಡದ ಅಳತೆ

ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದುಬಂದಿದೆಯೋ ಆ ಹಿರಿಯರು ಜೀವರಸಾಯನ ಪಾಠ ಮಾಡಿದವರು. ಅವರ ಸ್ಮರಣೆಗೆ ತಕ್ಕ ವಿಷಯವೆಂದು, ಲ್ಯಾಬ್ ವರದಿಯ ಒಂದೇ ಒಂದು ಅಂಕಿಯನ್ನು ಹಿಡಿದು ಮಾತನಾಡುತ್ತೇನೆ. ಮೂತ್ರಪಿಂಡ ರಕ್ತವನ್ನು ಹೇಗೆ ಸೋಸುತ್ತದೆ ಎಂಬುದು ಪಠ್ಯಪುಸ್ತಕಗಳಲ್ಲಿ ವಿವರವಾಗಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಸೋಸುವ ವೇಗವನ್ನು ನಾವು ನೇರವಾಗಿ ಅಳೆಯುವುದು ಅಪರೂಪ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡಿ, ಅದರಿಂದ ಇಜಿಎಫ್‌ಆರ್ ಎಂಬ ಅಂದಾಜನ್ನು ಲೆಕ್ಕ ಹಾಕುತ್ತೇವೆ. ಸ್ನಾಯು ಬೆಳೆಸಲು ತಿನ್ನುವ ಪುಡಿ ಕ್ರಿಯಾಟಿನ್. ರಕ್ತದಲ್ಲಿ ಅಳೆಯುವ ಕಸ ಕ್ರಿಯಾಟಿನಿನ್. ಹೆಸರಿನಲ್ಲಿ ಅಕ್ಷರವೊಂದರ ಅಂತರವಿರುವ ಇವೆರಡರ ನಂಟೇ ಇಂದಿನ ತಕರಾರಿನ ಮೂಲ.

ದೇಹದ ಕ್ರಿಯಾಟಿನ್‌ನಲ್ಲಿ ಸುಮಾರು ಶೇ. 95 ಭಾಗ ಸ್ನಾಯುಗಳಲ್ಲಿದೆ. ಅದರಲ್ಲಿ ದಿನಕ್ಕೆ ಶೇ. 2ರ ಆಸುಪಾಸು, ಯಾವ ಕಿಣ್ವದ ನೆರವೂ ಇಲ್ಲದೆ, ತಾನಾಗಿಯೇ ಕ್ರಿಯಾಟಿನಿನ್ ಆಗಿ ಮಾರ್ಪಡುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಪುಡಿ ತಿಂದವರ ಸ್ನಾಯುಗಳಲ್ಲಿ ದಾಸ್ತಾನು ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಕಸವೂ ಹೆಚ್ಚುತ್ತದೆ. ಸೋಸುವ ವೇಗ ಒಂದಿಷ್ಟೂ ಕುಗ್ಗದೆ ರಕ್ತದ ಅಂಕಿ ಮಾತ್ರ ಮೇಲೇರುತ್ತದೆ. ಇದು ಬರೀ ತರ್ಕವಲ್ಲ. ಬ್ರೆಜಿಲ್‌ನ ಗ್ವಾಲಾನೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಬ್ಬನ ವರದಿಯನ್ನು ನೋಡಿ. ಆತ 20 ವರ್ಷದ ಯುವಕ. ಇದ್ದುದು ಒಂದೇ ಮೂತ್ರಪಿಂಡ. ಐದು ದಿನ 20 ಗ್ರಾಂನಂತೆ, ಆಮೇಲೆ ಒಂದು ತಿಂಗಳು ದಿನಕ್ಕೆ 5 ಗ್ರಾಂನಂತೆ ಕ್ರಿಯಾಟಿನ್ ಕೊಟ್ಟರು. ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ 1.03ರಿಂದ 1.27 ಮಿ.ಗ್ರಾಂಗೆ ಏರಿತು. ಆದರೆ ವಿಕಿರಣಶೀಲ ಇಡಿಟಿಎ ಚುಚ್ಚಿ ನೇರವಾಗಿ ಅಳೆದ ಸೋಸುವ ವೇಗ ಮೊದಲು ಸುಮಾರು 82 ಇದ್ದದ್ದು ಕೊನೆಗೂ ಸುಮಾರು 82ರಲ್ಲೇ ನಿಂತಿತ್ತು. ಕ್ರಿಯಾಟಿನಿನ್ ಒಂದನ್ನೇ ನಂಬಿದ್ದರೆ, ಒಂಟಿ ಮೂತ್ರಪಿಂಡದ ಆ ಹುಡುಗನಿಗೆ ಇದ್ದದ್ದೂ ಹೋಗುತ್ತಿದೆ ಎಂದು ಹೇಳಬೇಕಾಗುತ್ತಿತ್ತು.

ಇಂಥಲ್ಲಿ ನೆರವಿಗೆ ಬರುವುದು ಸಿಸ್ಟಾಟಿನ್ ಸಿ. ಕೋಶಕೇಂದ್ರವುಳ್ಳ ಎಲ್ಲ ಜೀವಕೋಶಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಯಾರಿಸುವ ಸಣ್ಣ ಪ್ರೋಟೀನ್ ಇದು. ಮೂತ್ರಪಿಂಡ ಇದನ್ನು ಸಲೀಸಾಗಿ ಸೋಸುತ್ತದೆ. ಸೋಸಿದ್ದನ್ನು ನಾಳದ ಕೋಶಗಳು ಹೀರಿ ಅಲ್ಲೇ ಒಡೆದುಹಾಕುತ್ತವೆ. ರಕ್ತಕ್ಕೆ ಅದು ಮರಳುವುದಿಲ್ಲ. ಸ್ವೀಡನ್ನಿನ ಸಿಮೊನ್ಸೆನ್, ಗ್ರೂಬ್ ಮತ್ತು ಥೈಸೆಲ್ ಇದನ್ನು ಸೋಸುವ ವೇಗದ ಸೂಚಕವಾಗಿ ಮುಂದಿಟ್ಟದ್ದು 1985ರಲ್ಲಿ. 2010ರಲ್ಲಿ ಅಂತರರಾಷ್ಟ್ರೀಯ ಮಾನಕ ಸಿದ್ಧವಾದ ಮೇಲಷ್ಟೇ ಬೇರೆ ಬೇರೆ ಲ್ಯಾಬ್‌ಗಳ ಅಂಕಿಗಳನ್ನು ಹೋಲಿಸಲು ದಾರಿಯಾಯಿತು. ಕ್ರಿಯಾಟಿನ್‌ನಿಂದ ಸಿಸ್ಟಾಟಿನ್ ಹುಟ್ಟುವುದಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಇದೇ.

ಇಲ್ಲಿಯವರೆಗೆ ಯಾರೂ ತಗಾದೆ ತೆಗೆಯುವುದಿಲ್ಲ. ನನ್ನ ಭಿನ್ನಾಭಿಪ್ರಾಯ ಮುಂದಿನ ಹೆಜ್ಜೆಯಲ್ಲಿದೆ. ಎರಡನ್ನೂ ಅಳೆದು, ಎರಡೂ ಸೇರಿದ ಜೋಡಿ ಸೂತ್ರದಿಂದ ಇಜಿಎಫ್‌ಆರ್ ತೆಗೆಯುವುದೇ ಅತ್ಯಂತ ನಿಖರ ಎಂಬುದು ಇಂದಿನ ಸಾಮಾನ್ಯ ಸಲಹೆ. ಜನಸಮೂಹಕ್ಕೆ ಅದು ನಿಜ. ಕ್ರಿಯಾಟಿನ್ ಸೇವಿಸುವ ವ್ಯಕ್ತಿಗೆ ಮಾತ್ರ ಅದು ಹೊಂದುವುದಿಲ್ಲ. 30 ವರ್ಷದ, ಭಾರ ಎತ್ತುವ, ದಿನಕ್ಕೆ 5 ಗ್ರಾಂ ಪುಡಿ ತಿನ್ನುವ ಗಂಡಸಿನ ಲೆಕ್ಕ ಹಾಕಿ ನೋಡೋಣ. ಕ್ರಿಯಾಟಿನಿನ್ ಡೆಸಿಲೀಟರಿಗೆ 1.6 ಮಿ.ಗ್ರಾಂ, ಸಿಸ್ಟಾಟಿನ್ ಲೀಟರಿಗೆ 0.82 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಸಿಕೆಡಿ-ಎಪಿ ಗುಂಪಿನ 2021ರ ಕ್ರಿಯಾಟಿನಿನ್ ಸೂತ್ರ 59 ಎನ್ನುತ್ತದೆ, ಅಂದರೆ ಕಾಯಿಲೆಯ ಗೆರೆಯಾದ 60ರ ಕೆಳಗೆ. 2012ರ ಸಿಸ್ಟಾಟಿನ್ ಸೂತ್ರ 114 ಎನ್ನುತ್ತದೆ. ಜೋಡಿ ಸೂತ್ರದ ಉತ್ತರ 86. ಈ 86 ಎಲ್ಲಿಂದ ಬಂತು? ಎರಡು ಅಳತೆಗಳ ತಪ್ಪುಗಳು ಅತ್ತಿತ್ತ ಚೆದುರಿದ್ದಾಗ, ಸೇರಿಸಿದರೆ ಒಂದನ್ನೊಂದು ಅಳಿಸುತ್ತವೆ; ಜೋಡಿ ಸೂತ್ರದ ಬಲವೆಲ್ಲ ಅದರಲ್ಲಿದೆ. ಒಂದು ಅಳತೆ ಯಾವ ಕಡೆಗೆ ವಾಲಿದೆ, ಏಕೆ ವಾಲಿದೆ ಎಂದು ಮೊದಲೇ ಗೊತ್ತಿರುವಾಗ ಅದನ್ನೂ ಬೆರೆಸಿದರೆ, ಗೊತ್ತಿರುವ ತಪ್ಪಿನ ಅರ್ಧವನ್ನು ಉಳಿಸಿಕೊಂಡಂತೆ. ಆ ಅರ್ಧಕ್ಕೂ ಬೆಲೆ ತೆರಬೇಕಾಗುತ್ತದೆ: ಈತ ತಮ್ಮನಿಗೆ ಮೂತ್ರಪಿಂಡ ಕೊಡಲು ಮುಂದೆ ಬಂದನೆನ್ನಿ, ದಾನಿಗಳ ವಿಷಯದಲ್ಲಿ 90ರ ಮೇಲಿದ್ದರೆ ನಿರಾತಂಕ, ಕೆಳಗಿಳಿದರೆ ಯೋಚಿಸಬೇಕು ಎನ್ನುತ್ತದೆ ಮಾರ್ಗಸೂಚಿ. 86 ಅವನನ್ನು ಅನುಮಾನದ ಸಾಲಿಗೆ ತಳ್ಳುತ್ತದೆ.

ಸಿಸ್ಟಾಟಿನ್ ಸೂತ್ರವೊಂದೇ ಆದರೆ, ಜನಸಮೂಹದ ಮಟ್ಟದಲ್ಲಿ ಅದರ ನಿಖರತೆ ಕ್ರಿಯಾಟಿನಿನ್ ಸೂತ್ರಕ್ಕಿಂತ ಹೆಚ್ಚೇನಲ್ಲ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ. ಆದರೆ ನಮ್ಮೆದುರು ಇರುವುದು ಜನಸಮೂಹವಲ್ಲ, ಕ್ರಿಯಾಟಿನಿನ್ ಕೆಟ್ಟಿರುವ ಕಾರಣ ಗೊತ್ತಿರುವ ಒಬ್ಬ ವ್ಯಕ್ತಿ. ಸಿಸ್ಟಾಟಿನ್‌ಗೂ ಅದರದೇ ದೋಷಗಳಿವೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್, ಬೊಜ್ಜು, ಧೂಮಪಾನ, ಉರಿಯೂತ ಇವೆಲ್ಲ ಅದನ್ನು ಏರಿಸುತ್ತವೆ. ಮಂದ ಥೈರಾಯ್ಡ್ ಇಳಿಸುತ್ತದೆ. ಹಾಗಾಗಿ 114ನ್ನು ನಂಬುವ ಮೊದಲು ಥೈರಾಯ್ಡ್ ಮಂದವಾಗಿಲ್ಲವೆಂದು ಟಿಎಸ್‌ಎಚ್ ನೋಡಿ ಖಾತ್ರಿಪಡಿಸಿಕೊಳ್ಳಬೇಕು. ಕ್ರಿಯಾಟಿನ್ ತಿನ್ನುವವನಲ್ಲಿ ಸಿಸ್ಟಾಟಿನ್ ಸೂತ್ರವೂ ಕಡಿಮೆ ಉತ್ತರ ಕೊಟ್ಟರೆ ಪುಡಿಯನ್ನು ದೂರುವಂತಿಲ್ಲ. ಮೇಲಿನ ಕಾರಣಗಳಲ್ಲಿ ಒಂದೂ ಕಾಣದಿದ್ದರೆ ಮೂತ್ರಪಿಂಡವನ್ನೇ ಅನುಮಾನಿಸಿ, ರಕ್ತದ ಮಾದರಿಗಳನ್ನು ತೆಗೆದು ಮಾಡುವ ಐಯೋಹೆಕ್ಸಾಲ್ ಅಥವಾ ಡಿಟಿಪಿಎ ಅಳತೆಗೆ ಕಳಿಸಬೇಕು.

ಇಷ್ಟೆಲ್ಲ ಏಕೆ, ಪುಡಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿ ಎನ್ನುವವರಿದ್ದಾರೆ. ಸಲಹೆ ಅಗ್ಗ, ತಪ್ಪೂ ಅಲ್ಲ. ಆದರೆ ಸ್ನಾಯುವಿನ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಒಂದು ವಾರ ಬಿಟ್ಟು ಮರುಪರೀಕ್ಷೆ ಮಾಡಿ, ಅಂಕಿ ಇಳಿಯಲಿಲ್ಲವೆಂದು ಕಾಯಿಲೆಯ ಹಣೆಪಟ್ಟಿ ಹಚ್ಚುವುದು ಅನ್ಯಾಯ. ದಾಸ್ತಾನು ಪೂರ್ತಿ ಇಳಿದ ಮೇಲೂ ದೊಡ್ಡ ಸ್ನಾಯುಗಳಿಂದ ಬರುವ ಹೆಚ್ಚುವರಿ ಕ್ರಿಯಾಟಿನಿನ್ ಉಳಿದೇ ಇರುತ್ತದೆ. ನಮ್ಮ ಉದಾಹರಣೆಯ 1.6ರಲ್ಲಿ ಪುಡಿಯ ಪಾಲು 0.2 ಅಥವಾ 0.3 ಇರಬಹುದು, ಮಿಕ್ಕಿದ್ದು ಸ್ನಾಯುವಿನದು. ನಿಜವಾದ ಕಾಯಿಲೆ ಇದ್ದರಂತೂ ಆ ಒಂದೂವರೆ ತಿಂಗಳು ಸುಮ್ಮನೆ ಹೋಗುತ್ತದೆ.

ಕೊನೆಯದಾಗಿ, ಸಿಸ್ಟಾಟಿನ್ ಪಕ್ಷದವರಾದ ನಾವೇ ಸಾಮಾನ್ಯವಾಗಿ ಮರೆಯುವ ಸಂಗತಿ. ಇಜಿಎಫ್‌ಆರ್ ಚೆನ್ನಾಗಿದ್ದರೂ ಸೋಸುವ ಜಾಲರಿ ಸೋರುತ್ತಿರಬಹುದು. ಅದಕ್ಕೆ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ ನೋಡುತ್ತೇವೆ, 30 ದಾಟಿದರೆ ಎಚ್ಚರವಾಗುತ್ತೇವೆ. ಆ ಅನುಪಾತದ ಕೆಳಗಿನ ಅಂಕಿ ಮತ್ತದೇ ಕ್ರಿಯಾಟಿನಿನ್. ದಿನಕ್ಕೆ 40 ಮಿ.ಗ್ರಾಂ ಆಲ್ಬುಮಿನ್ ಸೋರುವ, 1.3 ಗ್ರಾಂ ಕ್ರಿಯಾಟಿನಿನ್ ಹೊರಹಾಕುವ ವ್ಯಕ್ತಿಯಲ್ಲಿ ಅನುಪಾತ 31 ಬರುತ್ತದೆ. ಅಷ್ಟೇ ಆಲ್ಬುಮಿನ್ ಸೋರುತ್ತ 2.2 ಗ್ರಾಂ ಹೊರಹಾಕುವ ಪೈಲ್ವಾನನಲ್ಲಿ 18. ವರದಿ ಸರಿಯಿದೆ ಎಂದು ಮನೆಗೆ ಕಳಿಸುತ್ತೇವೆ. ರಕ್ತದಲ್ಲಿ ಇಲ್ಲದ ಕಾಯಿಲೆಯನ್ನು ತೋರಿಸಿದ ಅದೇ ವಸ್ತು ಮೂತ್ರದಲ್ಲಿ ಇರುವ ಕಾಯಿಲೆಯನ್ನು ಮುಚ್ಚುತ್ತದೆ. ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್ ಬಳಸುವವರಲ್ಲಿ ಜಾಲರಿ ಗಟ್ಟಿಯಾಗಿ ಆಲ್ಬುಮಿನ್ ಸೋರುವುದು ವರದಿಯಾಗಿರುವುದರಿಂದ ಇದು ಬರೀ ಕಾಗದದ ಲೆಕ್ಕವಲ್ಲ. ಆದ್ದರಿಂದ ಕ್ರಿಯಾಟಿನ್ ಸೇವಿಸುವವರ ಚೀಟಿಯಲ್ಲಿ ಸಿಸ್ಟಾಟಿನ್ ಬರೆದ ಕೈಯೇ ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕು: 24 ಗಂಟೆಯ ಮೂತ್ರದಲ್ಲಿ ಒಟ್ಟು ಆಲ್ಬುಮಿನ್, ಮಿಲಿಗ್ರಾಂ ಲೆಕ್ಕದಲ್ಲಿ.