ಬೆರಳಲ್ಲಿರೋದು ಉಂಗುರಾನಾ, ಬ್ಯಾಂಕ್ ಖಾತೆನಾ?

ಅಂಗಡಿಯ ಕಾರ್ಡ್ ಮಷೀನಿನ ಮುಂದೆ ಬೆರಳಿನ ಉಂಗುರ ತೋರಿಸಿದರೆ ಸಾಕು, ಬಿಲ್ ಕಟ್ಟಿದ ಹಾಗೆ. ಕೈಪಟ್ಟಿ, ಕೀ ಗೊಂಚಲಿನ ಬಿಲ್ಲೆ, ಮೊಬೈಲ್ ಹಿಂದೆ ಅಂಟಿಸೋ ಸ್ಟಿಕ್ಕರ್ ಕೂಡ ಇದೇ ಕೆಲಸ ಮಾಡುತ್ತವೆ. ನಮ್ಮ ದೇಶದಲ್ಲೇ 2021ರಲ್ಲಿ ಆಕ್ಸಿಸ್ ಬ್ಯಾಂಕ್ ಇಂಥ ಕೈಪಟ್ಟಿ, ಕೀಚೈನ್‌ಗಳನ್ನು ಮಾರುಕಟ್ಟೆಗೆ ತಂದಿತ್ತು. ಇದನ್ನು ನೋಡಿದವರೆಲ್ಲ ಕೇಳೋ ಪ್ರಶ್ನೆ ಒಂದೇ: ಕಳೆದುಹೋದ್ರೆ ಏನ್ ಕಥೆ?

ಉತ್ತರ ಬೇಕಿದ್ದರೆ ಉಂಗುರದ ಒಳಗೆ ಏನಿದೆ ಅಂತ ಮೊದಲು ನೋಡಬೇಕು. ಒಂದು ಪುಟ್ಟ ಚಿಪ್, ಅದರ ಸುತ್ತ ಕೂದಲೆಳೆಯಂಥ ತಂತಿಯ ಸುರುಳಿ. ಅಷ್ಟೇ. ಬ್ಯಾಟರಿ ಇಲ್ಲ. ಅಂಗಡಿಯ ಮಷೀನು ತನ್ನ ಸುತ್ತ ರೇಡಿಯೋ ತರಂಗ ಹರಡಿರುತ್ತದೆ. ನಾಲ್ಕು ಸೆಂಟಿಮೀಟರ್ ಆಸುಪಾಸಿಗೆ ಬಂದಾಗ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. ಸುರುಳಿ ಚಿಕ್ಕದಾದ್ದರಿಂದಲೇ ಉಂಗುರವನ್ನು ಮಷೀನಿನ ಗುರುತಿನ ಮೇಲೆ ಸರಿಯಾಗಿ ಇಡಬೇಕಾಗುತ್ತದೆ. ಲೋಹದ ಮೇಲೆ ಅಂಟಿಸಿದ ಸ್ಟಿಕ್ಕರ್ ಕೆಲವೊಮ್ಮೆ ಕೆಲಸ ಮಾಡದಿರೋದಕ್ಕೂ ಕಾರಣ ಇದೆ. ಹಿಂದಿರೋ ಲೋಹ ಆ ತರಂಗವನ್ನು ಕೆಡಿಸಿಬಿಡುತ್ತದೆ.

ಎಚ್ಚರವಾದ ಚಿಪ್ ಎರಡು ವಿಷಯ ಹೇಳುತ್ತದೆ: ಒಂದು ಸಂಖ್ಯೆ, ಜೊತೆಗೆ ಆ ಒಂದು ವ್ಯವಹಾರಕ್ಕೆ ಮಾತ್ರ ಹೊಂದುವ ಗುಪ್ತ ಸಹಿ. ಪ್ರತಿ ಸಲವೂ ಸಹಿ ಬೇರೆ. ಹಾಗಾಗಿ ಯಾರೋ ಕದ್ದು ಕೇಳಿ ಅದನ್ನೇ ಮತ್ತೆ ಬಳಸಿದರೆ ಬ್ಯಾಂಕ್ ಒಪ್ಪೋದಿಲ್ಲ.

ಆ ಸಂಖ್ಯೆ ಯಾವುದು ಅನ್ನೋದರಲ್ಲೇ ಎಲ್ಲಾ ಇರೋದು. ಇದರಲ್ಲಿ ಎರಡು ಬಗೆ. ಕೆಲವು ಉಂಗುರಗಳಲ್ಲಿ ನಿಮ್ಮ ಹಳೇ ಕಾರ್ಡಿಗೆ ಬದಲಿಯಾಗಿ ಕೊಟ್ಟ ಸಂಖ್ಯೆ ಇರುತ್ತದೆ, ಅದಕ್ಕೆ ಟೋಕನ್ ಅಂತಾರೆ. ಟೋಕನ್ ಅನ್ನು ಮಾತ್ರ ನಿಲ್ಲಿಸಿದರೆ ಕಾರ್ಡ್ ಎಂದಿನಂತೆ ನಡೆಯುತ್ತದೆ. ಇನ್ನು ಕೆಲವುದರಲ್ಲಿ ಬ್ಯಾಂಕು ಹೊಸದೇ ಒಂದು ಕಾರ್ಡನ್ನು ಕುಗ್ಗಿಸಿ ಕೂರಿಸಿರುತ್ತದೆ. ಖಾತೆ ಅದೇ, ಕಾರ್ಡ್ ಬೇರೆ. ಈ ಎರಡನೇ ಬಗೆಯಲ್ಲೇ ಜನ ಎಡವೋದು. ಉಂಗುರ ಕಳೀತು ಅಂತ ಗಾಬರಿಯಲ್ಲಿ ಪರ್ಸಿನಲ್ಲಿರೋ ಪ್ಲಾಸ್ಟಿಕ್ ಕಾರ್ಡನ್ನು ಬ್ಲಾಕ್ ಮಾಡಿಸ್ತಾರೆ, ಆದರೆ ಉಂಗುರ ಜೀವಂತವಾಗೇ ಇರುತ್ತದೆ!

ಒಂದು ಲೆಕ್ಕ ಹಾಕೋಣ. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಹೀಗೆ ಮುಟ್ಟಿಸಿ ಕಟ್ಟುವಾಗ 5,000 ರೂಪಾಯಿವರೆಗೆ ಪಿನ್ ಬೇಕಿಲ್ಲ. ಸಂಜೆ ಏಳಕ್ಕೆ ಬಸ್ಸಿನಲ್ಲಿ ಉಂಗುರ ಜಾರಿತು, ನಿಮಗೆ ಗೊತ್ತಾಗಿದ್ದು ಹತ್ತಕ್ಕೆ ಅಂತಿಟ್ಟುಕೊಳ್ಳಿ. ಸಿಕ್ಕವನು ಒಂದು ಅಂಗಡಿಯಲ್ಲಿ 4,900, ಇನ್ನೊಂದರಲ್ಲಿ 4,500, ಮತ್ತೊಂದರಲ್ಲಿ 3,200 ಖರ್ಚು ಮಾಡಿದರೆ ಒಟ್ಟು 12,600 ರೂಪಾಯಿ. ಒಂದು ಸಲವೂ ಪಿನ್ ಕೇಳಿರೋದಿಲ್ಲ. ಅದೇ ನೀವು ಬ್ಯಾಂಕಿನ ಆ್ಯಪ್‌ನಲ್ಲಿ ಉಂಗುರದ ದಿನದ ಮಿತಿಯನ್ನು 1,000ಕ್ಕೆ ಇಳಿಸಿಟ್ಟಿದ್ದರೆ? ಆ ದಿನದ ನಷ್ಟ ಸಾವಿರ ದಾಟುತ್ತಿರಲಿಲ್ಲ. ಮಿತಿ ಬದಲಿಸೋ, ಈ ಸೌಲಭ್ಯವನ್ನೇ ಆಫ್ ಮಾಡೋ ಅವಕಾಶವನ್ನು ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲೇ ಕಾರ್ಡ್ ಕೊಡುವವರಿಗೆ ಹೇಳಿದೆ.

ಜನಜಂಗುಳಿಯಲ್ಲಿ ಯಾರೋ ಮಷೀನು ಹಿಡ್ಕೊಂಡು ಕೈಗೆ ತಾಗಿಸಿ ದುಡ್ಡು ಎಳೀತಾರೆ ಅನ್ನೋ ಭಯ ಹಲವರಿಗಿದೆ. ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಆ ಮಷೀನು ವ್ಯಾಪಾರಿಯ ಹೆಸರಲ್ಲಿ ನೋಂದಣಿಯಾಗಿರುತ್ತದೆ, ದುಡ್ಡು ಅವನ ಬ್ಯಾಂಕ್ ಖಾತೆಗೇ ಹೋಗುತ್ತದೆ. ತನ್ನ ವಿಳಾಸ ಬರೆದಿಟ್ಟು ಕದಿಯೋ ಕಳ್ಳ ಅಪರೂಪ. ಕಳೆದುಹೋದ ಉಂಗುರ ಹಾಗಲ್ಲ. ಅದು ಯಾರ ಬೆರಳಲ್ಲಿದೆ ಅನ್ನೋದು ಮಷೀನಿಗೆ ಗೊತ್ತೇ ಆಗೋದಿಲ್ಲ. ಮೊಬೈಲಾದರೆ ಬೆರಳಚ್ಚು ಕೇಳೀತು, ಉಂಗುರ ಏನನ್ನೂ ಕೇಳೋದಿಲ್ಲ.

ಹಾಗಾದ್ರೆ ನಷ್ಟ ಯಾರ ತಲೆಗೆ? ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಸೂತ್ರ ನೆನಪಿಡಿ. ಗ್ರಾಹಕರ ನಿರ್ಲಕ್ಷ್ಯದಿಂದ ಆದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನದು ಗ್ರಾಹಕರದ್ದು, ತಿಳಿಸಿದ ಮೇಲಿನದು ಬ್ಯಾಂಕಿನದ್ದು. ಅಂದರೆ ಇಲ್ಲಿ ಗಡಿಯಾರವೇ ನ್ಯಾಯಾಧೀಶ. ದೂರು ಕೊಟ್ಟ ಕೂಡಲೇ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಉಂಗುರ ಇರುವವರು ಇವತ್ತೇ ಒಂದು ಕೆಲಸ ಮಾಡಿ. ಅದರಿಂದ ಒಂದು ಟೀ ಬಿಲ್ ಕಟ್ಟಿ, ಆಮೇಲೆ ಬರೋ ಎಸ್ಸೆಮ್ಮೆಸ್ಸಿನಲ್ಲಿರೋ ಕೊನೆಯ ನಾಲ್ಕು ಅಂಕಿ ನೋಡಿ. ಅವು ನಿಮ್ಮ ಪ್ಲಾಸ್ಟಿಕ್ ಕಾರ್ಡಿನ ಅಂಕಿಗಳಲ್ಲ ಅಂತಾದರೆ, ಬರೆದಿಟ್ಟುಕೊಳ್ಳಿ. ಕಳೆದ ದಿನ ಬ್ಯಾಂಕಿಗೆ ಫೋನ್ ಮಾಡಿ ಹೇಳಬೇಕಾಗಿರೋದು ಆ ನಾಲ್ಕು ಅಂಕಿಯನ್ನೇ.