ಮನೆ ಸುಟ್ಟಾಗ ಆರು ಲಕ್ಷ ಯಾಕೆ ಮೂರು ಲಕ್ಷ ಆಯ್ತು?

ಇವತ್ತು ನಮ್ಮ ದೊಡ್ಡಪ್ಪನ ಮನೆಯ ಕಥೆಯಿಂದಲೇ ಶುರು ಮಾಡ್ತೀನಿ. ಮಲೆನಾಡಿನ ಹೆಂಚಿನ ಮನೆ, 1989ರಲ್ಲಿ ಕಟ್ಟಿದ್ದು. 2019ರಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಮಾಡು ಪೂರ್ತಿ ಸುಟ್ಟುಹೋಯ್ತು. ಮನೆ ಮೇಲೆ ಬ್ಯಾಂಕ್ ಸಾಲ ಇದ್ದಿದ್ದರಿಂದ ಫೈರ್ ಪಾಲಿಸಿ ಇತ್ತು, ಹತ್ತು ಲಕ್ಷಕ್ಕೆ. ಮರ, ಹೆಂಚು, ಕೂಲಿ ಎಲ್ಲ ಸೇರಿ ಹೊಸ ಮಾಡಿಗೆ ಮೇಸ್ತ್ರಿ ಹೇಳಿದ್ದು ಆರು ಲಕ್ಷ. ಸರ್ವೇಯರ್ ಅದನ್ನ ಒಪ್ಪಿದರು. ಆದರೂ ಲೆಕ್ಕದ ಹಾಳೆಯಲ್ಲಿ ಬಂದದ್ದು ಮೂರು ಲಕ್ಷ. ಸುಡದೆ ಉಳಿದ ಹೆಂಚಿನ ಬೆಲೆ ಅಂತ ಅದರಲ್ಲೂ ಇಪ್ಪತ್ತು ಸಾವಿರ ಕಡಿತ.

ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಹಳೇ ಮನೆ ಅಂತ ಮೇಸ್ತ್ರಿ ಅರ್ಧ ಕೂಲಿಗೆ ಬರ್ತಾನೇನೋ?"

ಮೋಸ ಏನೂ ಆಗಿರಲಿಲ್ಲ. ಪಾಲಿಸಿ ಇದ್ದದ್ದು ಇಂಡೆಮ್ನಿಟಿ ಆಧಾರದ ಮೇಲೆ, ಅಂದ್ರೆ ಮಾರ್ಕೆಟ್ ವ್ಯಾಲ್ಯೂ ಲೆಕ್ಕ. ಬೆಂಕಿ ಬೀಳೋ ಹಿಂದಿನ ನಿಮಿಷ ಆ ಮಾಡಿಗೆ ಎಷ್ಟು ಬೆಲೆ ಇತ್ತೋ ಅಷ್ಟೇ ಪರಿಹಾರ. ಮಾಡಿನ ವಯಸ್ಸು ಮೂವತ್ತು ವರ್ಷ. ಅದರ ಬಾಳಿಕೆ ಅರವತ್ತು ವರ್ಷ ಅಂತ ಸರ್ವೇಯರ್ ಹಿಡಿದರು. ಅರ್ಧ ಆಯುಷ್ಯ ಮುಗಿದಿದೆ, ಹಾಗಾಗಿ ಆರು ಲಕ್ಷದಲ್ಲಿ ಅರ್ಧ ಸವಕಳಿ. ನಾನು ಬಿ.ಕಾಂ.ನಲ್ಲಿ ಡೆಪ್ರಿಸಿಯೇಷನ್ ಲೆಕ್ಕ ಎಷ್ಟೋ ಮಾಡಿದ್ದೆ, ಅದು ಮನೆ ತಲೆ ಮೇಲೆ ಹೀಗೆ ಬೀಳುತ್ತೆ ಅಂತ ಗೊತ್ತಿರಲಿಲ್ಲ.

ರೀಇನ್‌ಸ್ಟೇಟ್‌ಮೆಂಟ್ ಆಧಾರದಲ್ಲಿ ಈ ಸವಕಳಿ ಇರಲ್ಲ. ಅದೇ ತರಹದ ಹೊಸ ಮಾಡು ಹಾಕೋ ಖರ್ಚು ಲೆಕ್ಕಕ್ಕೆ ಬರುತ್ತೆ. ಹಾಗಾದ್ರೆ ಆ ಕ್ಲಾಸ್ ಸೇರಿಸಿಬಿಟ್ಟರೆ ಸಾಕಿತ್ತಾ? ಇಲ್ಲ, ಇಲ್ಲೇ ಜನ ಎಡವೋದು. ಇಡೀ ಮನೆ ಹೊಸದಾಗಿ ಕಟ್ಟೋಕೆ ಆಗ ಇಪ್ಪತ್ತು ಲಕ್ಷ ಬೇಕಿತ್ತು. ದೊಡ್ಡಪ್ಪನ ಸಮ್ ಇನ್ಶೂರ್ಡ್ ಹತ್ತೇ ಲಕ್ಷ, ಅಂದ್ರೆ ಅರ್ಧ ಮನೆಗೆ ಮಾತ್ರ ವಿಮೆ. ಕ್ಲಾಸ್ ಇದ್ದಿದ್ದರೂ ಆರು ಲಕ್ಷದಲ್ಲಿ ಅರ್ಧ ಕಡಿದು ಮತ್ತೆ ಮೂರೇ ಲಕ್ಷಕ್ಕೆ ಬರ್ತಿತ್ತು! ಕ್ಲಾಸ್ ಜೊತೆ ಮೊತ್ತವನ್ನೂ ಇಪ್ಪತ್ತು ಲಕ್ಷಕ್ಕೆ ಏರಿಸಬೇಕಿತ್ತು, ಅದಕ್ಕೆ ತಕ್ಕ ಪ್ರೀಮಿಯಂ ಕಟ್ಟಬೇಕಿತ್ತು.

ಇನ್ನೊಂದು ಷರತ್ತು ಇದೆ. ಮೊದಲು ನೀವು ಕಟ್ಟಿಸಬೇಕು. ಖರ್ಚು ಮಾಡೋ ತನಕ ಕಂಪನಿ ಸವಕಳಿ ಕಳೆದ ಮೊತ್ತಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ ಕೆಲಸ ಮುಗಿಯಬೇಕು. ಮಳೆಗಾಲ, ಅಣ್ಣತಮ್ಮಂದಿರ ಪಾಲಿನ ಜಗಳ ಅಂತ ತಡವಾಗೋ ಹಾಗಿದ್ರೆ, ಅವಧಿ ಮುಗಿಯೋ ಮೊದಲೇ ಕಂಪನಿಯಿಂದ ಬರಹದಲ್ಲಿ ವಿಸ್ತರಣೆ ತಗೊಳ್ಳಿ. ಇಲ್ಲಾಂದ್ರೆ ವಾಪಸ್ ಇಂಡೆಮ್ನಿಟಿಗೇ ಇಳೀತೀರಿ.

2021ರ ಏಪ್ರಿಲ್‌ನಿಂದ ವಾಸದ ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಬಂದಿದೆ. ಅದರಲ್ಲಿ ಕಟ್ಟಡದ ಮೊತ್ತ ಇವತ್ತಿನ ಕಟ್ಟುವ ಖರ್ಚಿನ ಮೇಲೆ ನಿಲ್ಲುತ್ತೆ, ವಿಮೆ ಕಮ್ಮಿ ಅಂತ ಪಾಲು ಕಡಿಯೋದೂ ಇಲ್ಲ. ಆದರೆ ಬ್ಯಾಂಕಿನವರು ಸಾಲದ ಮೊತ್ತಕ್ಕಷ್ಟೇ ಮಾಡಿಸಿದ ಪಾಲಿಸಿ ಇನ್ನೂ ಎಷ್ಟೋ ಮನೆಯ ಬೀರುವಿನಲ್ಲಿದೆ. ಅದನ್ನ ತೆಗೆದು ಶೆಡ್ಯೂಲ್ ಪುಟ ನೋಡಿ. "ಮಾರ್ಕೆಟ್ ವ್ಯಾಲ್ಯೂ" ಅಂತ ಇದೆಯೋ, "ರೀಇನ್‌ಸ್ಟೇಟ್‌ಮೆಂಟ್ ವ್ಯಾಲ್ಯೂ" ಅಂತ ಇದೆಯೋ? ಆಮೇಲೆ ನಿಮ್ಮೂರ ಮೇಸ್ತ್ರಿ ಹತ್ರ ಚದರಡಿಗೆ ಈಗ ಎಷ್ಟು ಅಂತ ಕೇಳಿ, ಮನೆಯ ಚದರಡಿಗೆ ಗುಣಿಸಿ, ಜಾಗದ ಬೆಲೆ ಸೇರಿಸದೆ, ಸಮ್ ಇನ್ಶೂರ್ಡ್ ಪಕ್ಕ ಇಟ್ಟು ನೋಡಿ.