ಊರು ಬಿಟ್ಟವರ ಬರಹ: ಒಂದು ತಿದ್ದುಪಡಿ

ಉದ್ಯೋಗಕ್ಕಾಗಿ ಊರು ಬಿಟ್ಟು ಹೊಸ ನಗರವನ್ನು ಸೇರಿದವರು ಆ ಅನುಭವವನ್ನು ಬರೆಯಲು ಕುಳಿತಾಗ, ಬರವಣಿಗೆಗಿಂತ ಮೊದಲೇ ಒಂದು ಸಿದ್ಧಭಾಷೆ ಅವರಿಗಾಗಿ ಕಾದಿರುತ್ತದೆ. ಹಳ್ಳಿ ಎಂದರೆ ತಾಯ ಮಡಿಲು, ಹಸಿರು ಸಿರಿ. ನಗರ ಎಂದರೆ ಕಾಂಕ್ರೀಟ್ ಕಾಡು. ಇವೆರಡರ ನಡುವೆ ಒಂದು ನಿಟ್ಟುಸಿರು. ಕೊನೆಯಲ್ಲಿ ಬದುಕು ಅನಿವಾರ್ಯವೆಂಬ ಸಮಾಧಾನ. ಬರೆದವನ ಮನಸ್ಸಿನಲ್ಲಿ ಸಂತೋಷವೂ ಸಂಕಟವೂ ನಿಜವಾಗಿಯೇ ಇರುತ್ತವೆ. ಓದಿದವರಿಗೆ ಮಾತ್ರ ಯಾವುದೂ ತಟ್ಟುವುದಿಲ್ಲ. ಇದು ಏಕೆ ಹೀಗಾಗುತ್ತದೆ, ತಿದ್ದುವುದು ಹೇಗೆ ಎಂಬುದನ್ನು ಒಂದು ಬರಹದ ಮೂಲಕವೇ ನೋಡೋಣ.

ಈ ಬರಹ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಯುವಕನದು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಹಳೆಯ ಸಹಪಾಠಿಗಳ ಕೂಟದಲ್ಲಿ ಓದಲೆಂದು ಒಂದು ಪುಟ ಬರೆದು ನನಗೆ ತೋರಿಸಿದ. ಅದರ ಮುಖ್ಯ ಭಾಗ ಇಷ್ಟು: "ಹಸಿರು ಹೊಲಗಳ ನನ್ನ ಹಳ್ಳಿಯನ್ನು, ತಾಯಿಯ ಮಡಿಲನ್ನು ತೊರೆದು ಈ ಕಾಂಕ್ರೀಟ್ ಕಾಡಿಗೆ ಬಂದೆ. ಇಲ್ಲಿ ಎಲ್ಲವೂ ಇದೆ, ಆದರೆ ನೆಮ್ಮದಿಯಿಲ್ಲ. ಆದರೂ ಸಿಹಿಕಹಿಗಳ ಸಂಗಮವೇ ಜೀವನವಲ್ಲವೇ?"

ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ. ಜಗಳೂರು ಮಳೆಯನ್ನೇ ನಂಬಿದ ಬಯಲು ಸೀಮೆ. ಅಲ್ಲಿ ಹಸಿರು ವರ್ಷದಲ್ಲಿ ಕೆಲವು ತಿಂಗಳ ಮಾತು. ಮಳೆ ತಪ್ಪಿದ ವರ್ಷ ಅದೂ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದ ಕಡೆಯಿಂದ ಜಗಳೂರು, ಶಿವಮೊಗ್ಗದ ಕಡೆಯಿಂದ ಚನ್ನಗಿರಿ, ಹೊನ್ನಾಳಿ ಬಂದು ಕೂಡಿಕೊಂಡವು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದು ಆಮೇಲೆ. ಜಿಲ್ಲೆ ಒಂದೇ ಆದರೂ ಬಿಟ್ಟುಬಂದ ಊರು ಒಂದೇ ಅಲ್ಲ. ಚನ್ನಗಿರಿಯವನು ಅಡಿಕೆ ತೋಟದ ನೆರಳನ್ನೋ ಸೂಳೆಕೆರೆಯ ನೀರನ್ನೋ ನೆನೆದರೆ ಅದು ಅವನದೇ ನೆನಪು. ಹೊನ್ನಾಳಿಯವಳಿಗೆ ತುಂಗಭದ್ರೆಯ ಸೇತುವೆ ಇದೆ. ಜಗಳೂರಿನವನು ಇವರ ಹಸಿರನ್ನು ಕಡ ತಂದರೆ, ಅವನ ಊರಿನವರೇ ಅದನ್ನು ಮೊದಲು ಗುರುತಿಸುತ್ತಾರೆ.

ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬೆಂಗಳೂರಿಗೆ ಹೋದ ಮೊದಲ ರಾತ್ರಿ ಏನಾಯಿತಪ್ಪ?" ಅವನು ಸ್ವಲ್ಪ ಸಂಕೋಚಪಟ್ಟು, "ಚೆನ್ನಾಗಿ ನಿದ್ದೆ ಬಂತು ಸರ್" ಎಂದ. ಊರಿನಲ್ಲಿ ಎರಡು ವರ್ಷ ಮೆಕ್ಕೆಜೋಳ ಕೈಕೊಟ್ಟಿತ್ತು. ಸಂಜೆಯಾದರೆ ತಂದೆ ಜಗಲಿಯ ಮೇಲೆ ಮುಗಿಲು ನೋಡುತ್ತ ಕೂರುತ್ತಿದ್ದರು. ಆ ಮುಖವನ್ನು ನೋಡಬೇಕಾಗಿಲ್ಲವೆಂಬ ಹಗುರವೇ ಆ ರಾತ್ರಿಯ ನಿದ್ದೆ. ಅದನ್ನು ಬರೆಯುವುದು ತಂದೆಗೆ ಮಾಡುವ ದ್ರೋಹವೆನಿಸಿ, ಅದರ ಜಾಗದಲ್ಲಿ ಹಸಿರು ಹೊಲಗಳನ್ನು ತಂದಿಟ್ಟಿದ್ದ. ಸಿದ್ಧಭಾಷೆ ಬರುವುದು ಪದಸಂಪತ್ತಿನ ಬಡತನದಿಂದ ಮಾತ್ರವಲ್ಲ. ಹೇಳಲು ನಾಚಿಕೆಯಾಗುವ ಸುಖವೊಂದು ಅದರ ಹಿಂದೆ ಅಡಗಿರುವುದೂ ಉಂಟು. ದುಃಖವನ್ನು ಎಲ್ಲರೂ ಧಾರಾಳವಾಗಿ ಬರೆಯುತ್ತಾರೆ. ಬಿಟ್ಟುಬಂದದ್ದರಿಂದ ಆದ ನೆಮ್ಮದಿಯನ್ನು ಬರೆಯುವವರು ಕಡಿಮೆ.

ಇನ್ನು "ಆದರೆ" ಎಂಬ ಪದ. ಇದು ನಿರಪರಾಧಿಯಂತೆ ಕಾಣುವ ಪದ. ಕನ್ನಡದ ಕಿವಿಗೆ "ಆದರೆ" ಎಂದೊಡನೆ ಅದರ ಹಿಂದಿನದು ಹಗುರವಾಗಿ, ಮುಂದಿನದು ಭಾರವಾಗುತ್ತದೆ. "ಎಲ್ಲವೂ ಇದೆ, ಆದರೆ ನೆಮ್ಮದಿಯಿಲ್ಲ" ಎಂದರೆ ನಗರ ಸೋತಿತು. "ನೆಮ್ಮದಿಯಿಲ್ಲ, ಆದರೆ ಎಲ್ಲವೂ ಇದೆ" ಎಂದರೆ ಊರು ಸೋತಿತು. ಎರಡು ಭಾವಗಳು ಒಟ್ಟಿಗಿವೆ ಎಂದು ಹೇಳಹೊರಟವನು ತನಗೆ ತಿಳಿಯದಂತೆ ತೀರ್ಪು ಕೊಟ್ಟುಬಿಡುತ್ತಾನೆ. ನಮ್ಮ ಭಾಷೆಯಲ್ಲಿ "ಊ" ಎಂಬ ಪುಟ್ಟ ಪ್ರತ್ಯಯವಿದೆ. ಅದು ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಬಲ್ಲದು. ಆದರೆ, ನೋಡಿ, ನಾನೂ ಅದೇ ಪದವನ್ನು ಬಳಸಿದೆ, ಸುಖ ಒಂದು ಪಟ್ಟಿ, ದುಃಖ ಒಂದು ಪಟ್ಟಿ ಎಂದು ಎರಡನ್ನು ಪಕ್ಕಪಕ್ಕದಲ್ಲಿಟ್ಟು "ಊ" ಸೇರಿಸಿದರೆ ಸಾಲದು. ಸುಖವನ್ನೂ ದುಃಖವನ್ನೂ ಕೊಟ್ಟ ಒಂದೇ ವಸ್ತು ಯಾವುದು ಎಂದು ಹುಡುಕಬೇಕು.

ಅವನ ವಿಷಯದಲ್ಲಿ ಅದು ಒಂದು ಪ್ರಶ್ನೆಯಾಗಿತ್ತು. ನಮ್ಮ ಕಡೆ ಹೊಸಬ ಎದುರಾದರೆ ಹಿರಿಯರು ಕೇಳುವ ಮೊದಲ ಮಾತು, "ಯಾರ ಮಗ ನೀನು?" ಆ ಪ್ರಶ್ನೆಯಲ್ಲಿ ಅಕ್ಕರೆಯಿದೆ; ಮನೆತನ, ಜಾತಿ, ತಂದೆಯ ಸಾಲ ಎಲ್ಲದರ ವಿಚಾರಣೆಯೂ ಇದೆ. ಬೆಂಗಳೂರಿನ ಬಾಡಿಗೆ ಕೋಣೆಯ ಬೀದಿಯಲ್ಲಿ ಅವನನ್ನು ಯಾರೂ ಹಾಗೆ ಕೇಳಲಿಲ್ಲ. ಇದನ್ನು ಅವನು ಮಾತಿನ ನಡುವೆ ಎರಡು ಬಾರಿ ಹೇಳಿದ, ಒಮ್ಮೆ ನಕ್ಕು, ಒಮ್ಮೆ ನಗದೆ. ಬರಹದಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ.

ಅವನು ಮತ್ತೆ ಬರೆದು ತಂದದ್ದು ಹೀಗಿತ್ತು: "ಬೆಂಗಳೂರಿಗೆ ಬಂದ ಮೊದಲ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಊರಲ್ಲಿ ಎರಡು ವರ್ಷದಿಂದ ಅಪ್ಪ ಸಂಜೆ ಮುಗಿಲು ನೋಡುತ್ತ ಕೂರುತ್ತಿದ್ದ. ಇಲ್ಲಿ ಮುಗಿಲು ನೋಡುವ ಕೆಲಸವಿಲ್ಲ. ತಿಂಗಳ ಮೊದಲ ದಿನ ಸಂಬಳ ಬರುತ್ತದೆ. ನೀನು ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಮೊದಲ ತಿಂಗಳು ಅದು ಹಾಯೆನಿಸಿತು. ನಾಲ್ಕನೆಯ ತಿಂಗಳು ಜ್ವರ ಬಂದು ಮೂರು ದಿನ ಕೋಣೆಯಲ್ಲಿ ಮಲಗಿದ್ದೆ. ಆಗಲೂ ಯಾರೂ ಕೇಳಲಿಲ್ಲ."

ಇಲ್ಲಿ ಬೇಸರ, ನೆಮ್ಮದಿ ಎಂಬ ಭಾವವಾಚಕಗಳಿಗೆ ಕೆಲಸವೇ ಉಳಿದಿಲ್ಲ. "ಆಗಲೂ" ಎಂಬಲ್ಲಿನ ಒಂದು "ಊ" ಮೊದಲ ತಿಂಗಳ ಹಾಯನ್ನು ಅಳಿಸದೆಯೇ ಅದರ ಬೆಲೆಯನ್ನು ಕಾಣಿಸುತ್ತದೆ. ಮೊದಲ ರಾತ್ರಿ, ಮೊದಲ ತಿಂಗಳು, ನಾಲ್ಕನೆಯ ತಿಂಗಳು ಎಂಬ ಕಾಲದ ಗುರುತುಗಳೂ ಮುಖ್ಯ. ಮಿಶ್ರಭಾವವೆಂದು ನಾವು ಕರೆಯುವುದು ಬಹುಪಾಲು ಬೇರೆ ಬೇರೆ ದಿನಗಳ ಭಾವ. ಒಂದೇ ವಾಕ್ಯದಲ್ಲಿ ಕಲಸಿದಾಗ ಅದು ಸಿಹಿಯೂ ಅಲ್ಲದ, ಕಹಿಯೂ ಅಲ್ಲದ ಸಪ್ಪೆಯಾಗುತ್ತದೆ. ಯಶವಂತ ಚಿತ್ತಾಲರೂ ಜಯಂತ ಕಾಯ್ಕಿಣಿಯವರೂ ಉತ್ತರ ಕನ್ನಡದಿಂದ ಮುಂಬಯಿಗೆ ಹೋಗಿ ಅಲ್ಲಿ ದುಡಿದವರು. ಅವರ ಕತೆಗಳ ಮುಂಬಯಿಯನ್ನು ಶಾಪವೆಂದೋ ವರವೆಂದೋ ಒಂದೇ ಪದದಲ್ಲಿ ಹೇಳಲು ಹೋದರೆ ಸೋಲುವವರು ನಾವೇ.

ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಹೇಳಿಬಿಡುವುದೆಂದು ತಿಳಿಯಬೇಕಾಗಿಲ್ಲ. ತಂದೆಯ ಸಾಲದ ಮೊತ್ತವನ್ನು ಅವನು ಒಮ್ಮೆ ಬರೆದು ಹೊಡೆದುಹಾಕಿದ. ಅದು ಸರಿ. ಆ ಅಂಕಿ ತಂದೆಯದು. ಮಗನ ಭಾವಕ್ಕೆ ಅದರ ಅಗತ್ಯವಿಲ್ಲ. ಮುಗಿಲು ನೋಡುವ ವಾಕ್ಯದ ಬಗ್ಗೆ ಅವನಿಗೆ ಅಳುಕಿತ್ತು. ಕೂಟದ ಪುಟ ಊರಿಗೂ ತಲುಪುತ್ತದೆ. "ಅಪ್ಪನಿಗೆ ನೀನೇ ಮೊದಲು ಓದಿ ಹೇಳು" ಎಂದೆ. ಓದಿ ಹೇಳಿದನಂತೆ. ತಂದೆ ಕೇಳಿ, ಎರಡು ವರ್ಷವಲ್ಲ, ಮೂರು ವರ್ಷ ಎಂದು ತಿದ್ದಿದರಂತೆ.

ಕೊನೆಗೆ ಉಳಿದದ್ದು "ಜೀವನವಲ್ಲವೇ" ಎಂಬ ಪ್ರಶ್ನೆ. ಇಂಥ ವಾಕ್ಯವನ್ನು ಪತ್ತೆಮಾಡಲು ಗಟ್ಟಿಯಾಗಿ ಓದಿದರೆ ಸಾಕು; ಅಲ್ಲಿಗೆ ಬಂದಾಗ ದನಿ ತಾನಾಗಿಯೇ ವೇದಿಕೆಯ ದನಿಯಾಗುತ್ತದೆ. ಅವನಿಗೂ ಕೇಳಿಸಿತು, ತೆಗೆದ. ಅದರ ಜಾಗದಲ್ಲಿ ಹಬ್ಬದ ಪ್ರಯಾಣದ ಎರಡು ಸಾಲು ಸೇರಿಸಿದ್ದ. ಒಂದರಲ್ಲಿ "ಯುಗಾದಿಗೆ ಊರಿಗೆ ಹೋಗುತ್ತೇನೆ" ಎಂದಿತ್ತು. ಮುಂದಿನದರಲ್ಲಿ "ಯುಗಾದಿಗೆ ಊರಿಗೆ ಬರುತ್ತೇನೆ, ಎರಡು ದಿನ ಇರುತ್ತೇನೆ" ಎಂದಿತ್ತು. ಹೋಗುವುದೆಂದರೆ ಬರೆದವನು ಬೆಂಗಳೂರಿನಲ್ಲಿ ನಿಂತಿದ್ದಾನೆ. ಬರುವುದೆಂದರೆ ಅವನ ಮಾತು ಆಗಲೇ ಊರಿನ ಜಗಲಿಯಲ್ಲಿದೆ. ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ. ಎರಡನ್ನೂ ಹಾಗೆಯೇ ಬಿಡಲು ಹೇಳಿದೆ.